ಹೊರಟ ಹಣ ಎಲ್ಲಿ ನಿಂತಿದೆ?

ವಾಸ್ಕೊದ ಜುವಾರಿನಗರದಲ್ಲಿ ಖೋಲಿ ಹಿಡಿದು ಗಾರೆ ಕೆಲಸ ಮಾಡುವ ಬಾಗಲಕೋಟೆ ಕಡೆಯ ಮೇಸ್ತ್ರಿಯೊಬ್ಬರು ಒಂದು ಶನಿವಾರ ಸಂಜೆ 6 ಗಂಟೆ 10 ನಿಮಿಷಕ್ಕೆ ಮೊಬೈಲ್ ಬ್ಯಾಂಕಿಂಗ್‌ನಲ್ಲಿ ಊರಿನ ಹೆಂಡತಿಯ ಖಾತೆಗೆ 18,000 ರೂಪಾಯಿ ನೆಫ್ಟ್ ಮಾಡಿದರು ಎಂದುಕೊಳ್ಳೋಣ. ಇವರ ಖಾತೆಯಿಂದ ಹಣ ಹೋಯಿತು, ಎಸ್ಸೆಮ್ಮೆಸ್ಸೂ ಬಂತು. ಹುನಗುಂದ ತಾಲ್ಲೂಕಿನ ಹಳ್ಳಿಯಲ್ಲಿ ಮಾತ್ರ ರಾತ್ರಿಯಾದರೂ ಹಣ ಬರಲಿಲ್ಲ, ಭಾನುವಾರವೂ ಇಲ್ಲ. ಸೋಮವಾರ ಗೋವಾದ ಶಾಖೆಯಲ್ಲಿ ‘ನಮ್ಮಿಂದ ಹೋಗಿದೆ, ಆ ಬ್ಯಾಂಕಿನವರನ್ನ ಕೇಳಿ’ ಎಂದರು. ಊರಿನ ಶಾಖೆಯಲ್ಲಿ ಹೆಂಡತಿಗೆ ‘ನಮಗೆ ಬಂದಿಲ್ಲ, ಕಳಿಸಿದವರೇ ಅಲ್ಲಿ ವಿಚಾರಿಸಲಿ’ ಎಂಬ ಉತ್ತರ ಸಿಕ್ಕಿತು. ಇಬ್ಬರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಆದರೆ ಇಬ್ಬರ ಉತ್ತರದಿಂದಲೂ ಹಣ ಎಲ್ಲಿದೆ ಎಂಬುದು ತಿಳಿಯಲಿಲ್ಲ.

ಅದನ್ನು ತಿಳಿಯುವ ದಾರಿ ವ್ಯವಸ್ಥೆಯೊಳಗೇ ಇದೆ. ಯುಪಿಐ ಹಾಗೆ ನೆಫ್ಟ್ ಹಣ ಒಂದೊಂದಾಗಿ ಆ ಕ್ಷಣಕ್ಕೇ ದಾಟುವುದಿಲ್ಲ. ಬ್ಯಾಂಕುಗಳು ಕಳಿಸಿದ ಸಂದೇಶಗಳನ್ನು ರಿಸರ್ವ್ ಬ್ಯಾಂಕ್ ಅರ್ಧ ಗಂಟೆಗೊಮ್ಮೆ ಒಟ್ಟುಗೂಡಿಸಿ, ಯಾವ ಬ್ಯಾಂಕು ಯಾರಿಗೆ ಎಷ್ಟು ಕೊಡಬೇಕೆಂದು ಲೆಕ್ಕ ಚುಕ್ತಾ ಮಾಡುತ್ತದೆ. ದಿನಕ್ಕೆ ಇಂಥ 48 ಬ್ಯಾಚ್‌ಗಳು. 2019ರ ಡಿಸೆಂಬರ್ 16ರಿಂದ ಇದು ಹಗಲು ರಾತ್ರಿ, ಭಾನುವಾರ, ಹಬ್ಬದ ರಜೆ ಎನ್ನದೆ ನಡೆಯುತ್ತಿದೆ. ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ಪಡೆಯುವ ಬ್ಯಾಂಕು ಹಣವನ್ನು ಖಾತೆಗೆ ಜಮಾ ಮಾಡಬೇಕು, ಆಗದಿದ್ದರೆ ವಾಪಸ್ ಕಳಿಸಬೇಕು. ಮೂರನೆಯ ದಾರಿ ನಿಯಮದಲ್ಲಿಲ್ಲ. ನಮ್ಮ ಮೇಸ್ತ್ರಿಯ ಹಣ 6.30ರ ಬ್ಯಾಚಿಗೆ ಸೇರಿದ್ದರೆ ರಾತ್ರಿ 8.30ರೊಳಗೆ ಹೆಂಡತಿಯ ಖಾತೆಯಲ್ಲಿರಬೇಕಿತ್ತು, ಇಲ್ಲವೇ ಗೋವಾದ ಬ್ಯಾಂಕಿನತ್ತ ಮರಳಿ ಹೊರಟಿರಬೇಕಿತ್ತು. ‘ಎರಡನೇ ಶನಿವಾರ, ಮೇಲೆ ಭಾನುವಾರ, ಅದಕ್ಕೇ ತಡ’ ಎಂಬ ಕೌಂಟರಿನ ಮಾತಿಗೆ 2019ರಿಂದೀಚೆಗೆ ಆಧಾರವಿಲ್ಲ. ರಜೆ ಶಾಖೆಗೆ, ನೆಫ್ಟ್‌ಗಲ್ಲ.

ಹುಡುಕಾಟ ಶುರುವಾಗಬೇಕಾದ್ದು ಯುಟಿಆರ್ ಸಂಖ್ಯೆಯಿಂದ. ಇಲ್ಲೇ ಬಹಳ ಮಂದಿ ಎಡವುತ್ತಾರೆ. ಹಣ ಕಳಿಸಿದ ಕೂಡಲೇ ಆ್ಯಪ್ ಒಂದು ರೆಫರೆನ್ಸ್ ಸಂಖ್ಯೆ ತೋರಿಸುತ್ತದೆ. ಎಷ್ಟೋ ಬ್ಯಾಂಕುಗಳಲ್ಲಿ ಅದು ಆ ಬ್ಯಾಂಕಿನ ಒಳಲೆಕ್ಕದ ಸಂಖ್ಯೆ, ಇನ್ನೊಂದು ಬ್ಯಾಂಕಿನ ಕಂಪ್ಯೂಟರಿನಲ್ಲಿ ಹಾಕಿದರೆ ಏನೂ ಸಿಗುವುದಿಲ್ಲ. ಬ್ಯಾಂಕುಗಳ ನಡುವೆ ಸಂದೇಶದ ಜತೆ ಓಡಾಡುವುದು ಯುಟಿಆರ್. ಖಾತೆಯ ಸ್ಟೇಟ್‌ಮೆಂಟ್‌ನಲ್ಲಿ ನೆಫ್ಟ್ ನಮೂದಿನ ಪಕ್ಕದಲ್ಲಿ ಅದು ಸಿಗುತ್ತದೆ. ಸಿಗದಿದ್ದರೆ ಶಾಖೆಯಲ್ಲಿ ಕೇಳಿ ಬರೆಸಿಕೊಳ್ಳಬೇಕು. ಯುಟಿಆರ್ ಇನ್ನೂ ಹುಟ್ಟಿಯೇ ಇಲ್ಲವೆಂದರೆ ಅದೂ ಒಂದು ಉತ್ತರವೇ: ಖಾತೆಯಿಂದ ಕಡಿತವಾದ ಹಣ ಕಳಿಸುವ ಬ್ಯಾಂಕಿನ ಹೊಸ್ತಿಲು ದಾಟಿಲ್ಲ. ತಾಂತ್ರಿಕ ತೊಡಕಿನಿಂದಲೋ, ಅನುಮಾನಾಸ್ಪದ ವಹಿವಾಟೆಂದು ತಡೆದಿದ್ದರಿಂದಲೋ ಅದು ಅಲ್ಲೇ ನಿಂತಿದೆ. ಆಗ ಊರಿನ ಶಾಖೆಗೆ ಅಲೆಯುವುದು ವ್ಯರ್ಥ.

ಯುಟಿಆರ್ ಇದ್ದರೆ ಕೇಳಬೇಕಾದ ಪ್ರಶ್ನೆ ‘ಹಣ ಏನಾಯ್ತು?’ ಎಂಬುದಲ್ಲ. ‘ಈ ಯುಟಿಆರ್‌ಗೆ ಎನ್-10 ಬಂದಿದೆಯೇ, ಎನ್-07 ಬಂದಿದೆಯೇ? ಬಂದಿದ್ದರೆ ಯಾವ ದಿನ, ಎಷ್ಟು ಗಂಟೆಗೆ?’ ಎಂದು ಕೇಳಬೇಕು. ಪಡೆಯುವ ಬ್ಯಾಂಕು ಹಣ ಜಮಾ ಮಾಡಿದ ಮೇಲೆ ಕಳಿಸಿದ ಬ್ಯಾಂಕಿಗೆ ತಿಳಿಸುವ ಸಂದೇಶ ಎನ್-10. 2010ರಿಂದ ಇದು ಜಾರಿಯಲ್ಲಿದ್ದು, ಅದನ್ನು ಆಧರಿಸಿಯೇ ಕಳಿಸಿದವರ ಮೊಬೈಲಿಗೆ ‘ಇಂಥ ದಿನ ಇಷ್ಟು ಹೊತ್ತಿಗೆ ಫಲಾನುಭವಿ ಖಾತೆಗೆ ಜಮಾ ಆಗಿದೆ’ ಎಂಬ ಎರಡನೆಯ ಎಸ್ಸೆಮ್ಮೆಸ್ ಬರುತ್ತದೆ. ಮೊದಲ ಎಸ್ಸೆಮ್ಮೆಸ್ ಬರೀ ಕಡಿತದ್ದು. ಅದನ್ನೇ ಹಣ ತಲುಪಿದ್ದಕ್ಕೆ ಪುರಾವೆ ಎಂದುಕೊಳ್ಳುವವರಿಗೆ ಲೆಕ್ಕವಿಲ್ಲ. ಎನ್-07 ಎಂದರೆ ಹಣ ವಾಪಸ್, ಅದರ ಜತೆ ಕಾರಣವೂ ಇರುತ್ತದೆ.

ಎನ್-07 ಬಂದಿದ್ದರೆ ಹಣ ಗೋವಾಕ್ಕೇ ಮರಳಿದೆ. ಮೇಸ್ತ್ರಿ ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ನೆಫ್ಟ್ ರಿಟರ್ನ್ ಎಂಬ ಜಮಾ ಕಾಣುತ್ತದೆ. ಕಾಣದಿದ್ದರೆ ತಪ್ಪು ಗೋವಾದ ಬ್ಯಾಂಕಿನದು. ವಾಪಸಿಗೆ ಸಾಮಾನ್ಯ ಕಾರಣ ಖಾತೆ ಮುಚ್ಚಿರುವುದು ಅಥವಾ ಖಾತೆ ಸಂಖ್ಯೆಯೇ ಇಲ್ಲದಿರುವುದು. ನಮ್ಮ ಕಡೆ ಇನ್ನೊಂದಿದೆ, ಬ್ಯಾಂಕುಗಳ ವಿಲೀನ. ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ ಸೇರಿದ್ದು 2020ರ ಏಪ್ರಿಲ್‌ನಲ್ಲಿ. SYNB ಎಂದು ಶುರುವಾಗುವ ಹಳೆಯ ಐಎಫ್‌ಎಸ್‌ಸಿಗಳು 2021ರ ಜುಲೈನಿಂದ ನಿಂತುಹೋದವು. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು. ಮೊಬೈಲಿನಲ್ಲಿ ವರ್ಷಗಳ ಹಿಂದೆ ಉಳಿಸಿಟ್ಟ ಹೆಸರನ್ನೇ ಒತ್ತಿ ಕಳಿಸುವವರು ಊರಿನ ಹೊಸ ಪಾಸ್‌ಬುಕ್ಕಿನ ಫೋಟೊ ತರಿಸಿಕೊಂಡು ಒಮ್ಮೆ ತಾಳೆ ನೋಡಬೇಕು. ಪೂರ್ಣ ದಾಖಲೆಯಿಲ್ಲದೆ ತೆರೆದ ‘ಸಣ್ಣ ಖಾತೆ’ಗಳದು ಬೇರೆ ತೊಡಕು: ವರ್ಷದ ಒಟ್ಟು ಜಮಾ 1 ಲಕ್ಷ ಮೀರುವಂತಿಲ್ಲ, ಶಿಲ್ಕು 50 ಸಾವಿರ ದಾಟುವಂತಿಲ್ಲ. ತಿಂಗಳು ತಿಂಗಳು 18,000 ಕಳಿಸುವ ಮನೆಯವರ ಖಾತೆ ಆರನೆಯ ತಿಂಗಳಿಗೇ ಮಿತಿ ಮುಟ್ಟುತ್ತದೆ. ಐದು ತಿಂಗಳು ಸರಾಗ ಹೋದ ಹಣ ಈಗೇಕೆ ಹೋಗದು ಎಂದು ಕಂಗಾಲಾಗುವವರು ಕೆವೈಸಿ ಪೂರ್ಣಗೊಂಡಿದೆಯೇ ಎಂದು ಮೊದಲು ವಿಚಾರಿಸಲಿ.

ಎನ್-10 ಬಂದಿದೆ, ಆದರೂ ಹೆಂಡತಿಗೆ ಹಣ ಕಂಡಿಲ್ಲ ಎಂದರೆ ಸಾಧ್ಯತೆ ಎರಡು. ಒಂದು, ಹಣ ಬಂದಿದೆ, ಸುದ್ದಿ ಬಂದಿಲ್ಲ. ಎಸ್ಸೆಮ್ಮೆಸ್ ಎಂದೋ ಬಿಟ್ಟ ಹಳೆಯ ನಂಬರಿಗೆ ಹೋಗಿರುತ್ತದೆ. ಎಂಟ್ರಿ ಹಾಕಿಸಿದರೆ ಗೊತ್ತಾಗುತ್ತದೆ. ಇನ್ನೊಂದು ಕೆಟ್ಟದ್ದು: ಒಂದು ಅಂಕಿ ತಪ್ಪಿ ಹಣ ಇನ್ಯಾರದೋ ಖಾತೆಗೆ ಸೇರಿದೆ. ನೆಫ್ಟ್‌ನಲ್ಲಿ ಜಮಾ ನಡೆಯುವುದು ಖಾತೆ ಸಂಖ್ಯೆಯ ಮೇಲೆ ಮಾತ್ರ. ನಾವು ಬರೆದ ಹೆಸರನ್ನು ಯಂತ್ರ ತಾಳೆ ನೋಡುವುದಿಲ್ಲ. ಕೂಲಿ ಬಟವಾಡೆ ಮಾಡುವ ಗುತ್ತಿಗೆದಾರರ ಕಡತಗಳಲ್ಲಿ ಈ ತಪ್ಪು ತಾನಾಗಿಯೇ ಹುಟ್ಟುತ್ತದೆ. ಎಕ್ಸೆಲ್‌ನಲ್ಲಿ ಖಾತೆ ಸಂಖ್ಯೆಯನ್ನು ಅಂಕಿಯೆಂದೇ ಟೈಪಿಸಿದರೆ ಮುಂದಿನ ಸೊನ್ನೆಗಳು ಮಾಯವಾಗುತ್ತವೆ, 16 ಅಂಕಿಯ ಸಂಖ್ಯೆಯಲ್ಲಿ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ತಪ್ಪು ಖಾತೆಗೆ ಬಿದ್ದ ಹಣವನ್ನು ಆ ಖಾತೆದಾರ ಒಪ್ಪದೆ ಬ್ಯಾಂಕು ಸುಮ್ಮನೆ ಎತ್ತಿಕೊಡಲಾರದು, ಕಳಿಸಿದ ನೆಫ್ಟನ್ನು ರದ್ದು ಮಾಡುವ ಗುಂಡಿಯೂ ಇಲ್ಲ. ಹಾಗಾಗಿ ಆ ಕ್ಷಣವೇ ಲಿಖಿತ ದೂರು ಕೊಡಬೇಕು. ಇದನ್ನು ತಡೆಯಲೆಂದೇ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಹಾಕಿದರೆ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತು. ಇದಕ್ಕೆ ಶುಲ್ಕವಿಲ್ಲ. ದೊಡ್ಡ ಮೊತ್ತ ಕಳಿಸುವ ಮುನ್ನ ಆ ಹೆಸರನ್ನು ಓದುವ ಅಭ್ಯಾಸ ಬೇಕು.

ಕೊನೆಯ ಸ್ಥಿತಿಯೇ ನಿಜವಾದ ಕಗ್ಗಂಟು: ಯುಟಿಆರ್ ಇದೆ, ಎನ್-10 ಇಲ್ಲ, ಎನ್-07 ಇಲ್ಲ. ಅಂದರೆ ಬ್ಯಾಚ್ ಚುಕ್ತಾ ಆಗಿದೆ, ಹಣ ಪಡೆಯುವ ಬ್ಯಾಂಕಿನ ಕೈ ಸೇರಿದೆ, ಆದರೆ ಯಾವುದೋ ಸಸ್ಪೆನ್ಸ್ ಖಾತೆಯಲ್ಲಿ ಕೂತಿದೆ. ಪಟ್ಟಣ ಸಹಕಾರ ಬ್ಯಾಂಕುಗಳಂಥ ಕಡೆ ಇದು ಹೆಚ್ಚು, ಏಕೆಂದರೆ ಅವುಗಳಲ್ಲಿ ಹಲವು ನೇರ ಸದಸ್ಯರಲ್ಲ, ಪ್ರಾಯೋಜಕ ಬ್ಯಾಂಕಿನ ಮೂಲಕ ಉಪಸದಸ್ಯರಾಗಿರುತ್ತವೆ. ಹಣ ಮೊದಲು ಪ್ರಾಯೋಜಕ ಬ್ಯಾಂಕಿಗೆ ಬಂದು, ಅಲ್ಲಿಂದ ಇನ್ನೊಂದು ಲೆಕ್ಕದ ಮೂಲಕ ಸಹಕಾರ ಬ್ಯಾಂಕಿನ ಖಾತೆದಾರರಿಗೆ ದಾಟಬೇಕು. ಶಾಖೆಯವರು ‘ನಮಗೆ ಬಂದಿಲ್ಲ’ ಎಂದಾಗ ಅವರ ಪರದೆಯಲ್ಲಿ ಅದು ನಿಜವಾಗಿಯೂ ಬಂದಿರುವುದಿಲ್ಲ. ಆದರೆ ಗ್ರಾಹಕರಿಗೆ ಈ ಮಧ್ಯದ ಮನೆ ಕಾಣುವುದೇ ಇಲ್ಲ. ಉಪಸದಸ್ಯರ ಪರವಾಗಿ ಹೊಣೆ ಹೊರಬೇಕಾದ್ದು ಪ್ರಾಯೋಜಕ ಬ್ಯಾಂಕು ಎಂಬುದು ನಿಯಮ. ದೂರು ಕೊಡುವಾಗ ಐಎಫ್‌ಎಸ್‌ಸಿಯ ಮೊದಲ ನಾಲ್ಕು ಅಕ್ಷರ ಯಾವ ಬ್ಯಾಂಕಿನವು ಎಂದು ನೋಡಿದರೆ ಹಣ ಮೊದಲು ಯಾರ ಮನೆಗೆ ಹೋಗಿದೆ ಎಂಬುದು ತಿಳಿಯುತ್ತದೆ.

ಇಂಥ ವಿಳಂಬಕ್ಕೆ ದಂಡವುಂಟು. ತಡವಾದಷ್ಟು ದಿನಕ್ಕೆ ರೆಪೊ ದರದ ಮೇಲೆ ಶೇ 2 ಸೇರಿಸಿ ಬಡ್ಡಿ ಕೊಡಬೇಕು, ಅದೂ ಗ್ರಾಹಕರು ಕೇಳದೆಯೇ. ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿ ನೋಡಿ. ರಿಸರ್ವ್ ಬ್ಯಾಂಕ್ 2025ರ ಡಿಸೆಂಬರ್‌ನಲ್ಲಿ ನಿಗದಿ ಮಾಡಿದ ರೆಪೊ ದರ ಶೇ 5.25. ಅದಕ್ಕೆ 2 ಸೇರಿಸಿದರೆ 7.25. ಮೇಸ್ತ್ರಿಯ 18,000 ರೂಪಾಯಿ 9 ದಿನ ತಡವಾಗಿ ಸೇರಿದರೆ ಬ್ಯಾಂಕು ತೆರಬೇಕಾದ ದಂಡ ಸುಮಾರು 32 ರೂಪಾಯಿ. ಇದೇ ಹಣವನ್ನು ಅವರು ಯುಪಿಐ ಅಥವಾ ಐಎಂಪಿಎಸ್‌ನಲ್ಲಿ ಕಳಿಸಿ ಅದು ಹೀಗೇ ಸಿಕ್ಕಿಹಾಕಿಕೊಂಡಿದ್ದರೆ? ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ಮರುದಿನದೊಳಗೆ ಸರಿಪಡಿಸಬೇಕು, ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ. 9 ದಿನದ ಹೊತ್ತಿಗೆ 800 ರೂಪಾಯಿ. ಸಿಕ್ಕಿಬಿದ್ದ ಹಣ ಒಂದೇ, ಕೆಲಸ ಬಿಟ್ಟು ಬ್ಯಾಂಕಿಗೆ ಅಲೆದ ಕೂಲಿ ನಷ್ಟವೂ ಒಂದೇ. ಬಡ್ಡಿಯ ಲೆಕ್ಕ ಕೋಟಿಗಟ್ಟಲೆ ಕಳಿಸುವ ಕಂಪನಿಗೆ ನ್ಯಾಯ ಕೊಡುತ್ತದೆ; ಸಣ್ಣ ಮೊತ್ತದವರಿಗೆ ಅದು ಬಸ್ ಚಾರ್ಜಿಗೂ ಸಾಲದು. 32 ರೂಪಾಯಿಯ ಭಯಕ್ಕೆ ಯಾವ ಬ್ಯಾಂಕು ತನ್ನ ಸಸ್ಪೆನ್ಸ್ ಖಾತೆಯನ್ನು ಆ ರಾತ್ರಿಯೇ ಜಾಲಾಡುತ್ತದೆ?

ದೂರಿನ ದಾರಿ ಹೀಗಿದೆ. ಹಣ ಕಳಿಸಿದವರು ತಮ್ಮ ಬ್ಯಾಂಕಿಗೆ ಯುಟಿಆರ್, ದಿನಾಂಕ, ಮೊತ್ತ, ಪಡೆಯುವವರ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಬರೆದು ಕೊಟ್ಟು ದೂರಿನ ಸಂಖ್ಯೆ ಪಡೆಯಬೇಕು. ಪ್ರತಿ ಬ್ಯಾಂಕಿಗೂ ನೆಫ್ಟ್ ಗ್ರಾಹಕ ಸೌಲಭ್ಯ ಕೇಂದ್ರವಿದೆ, ಬ್ಯಾಂಕಿಂದ ಬ್ಯಾಂಕಿಗೆ ವಿಚಾರಿಸುವುದು ಅದರ ಕೆಲಸ; ಶಾಖೆಯವರು ಕೈಚೆಲ್ಲಿದರೆ ದೂರನ್ನು ಅಲ್ಲಿಗೆ ಕಳಿಸಿ ಎನ್ನಿ. ಅದೇ ದಿನ ಪಡೆಯಬೇಕಾದವರೂ ಅದೇ ಯುಟಿಆರ್ ಹಿಡಿದು ಊರಿನ ಶಾಖೆಯಲ್ಲಿ ಬರೆದು ಕೊಡಲಿ, ಏಕೆಂದರೆ ಜಮಾ ಮಾಡುವ ಹೊಣೆ ಆ ಬ್ಯಾಂಕಿನದು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ cms.rbi.org.in ಜಾಲತಾಣದಲ್ಲಿ ದೂರಬಹುದು. 2021ರ ನವೆಂಬರ್‌ನಿಂದ ದೇಶಕ್ಕೆಲ್ಲ ಒಂದೇ ವ್ಯವಸ್ಥೆಯಾದ್ದರಿಂದ ಗೋವಾದವರು ಎಲ್ಲಿಗೆ, ಬಾಗಲಕೋಟೆಯವರು ಎಲ್ಲಿಗೆ ಎಂಬ ಗೊಂದಲ ಈಗಿಲ್ಲ. 14448ಕ್ಕೆ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು. ಕೊಂಕಣಿ, ಹಿಂದಿಯ ಕೌಂಟರಿನಲ್ಲಿ ತಡವರಿಸುವ ನಮ್ಮ ಕೂಲಿಕಾರರಿಗೆ ಇದು ಸಣ್ಣ ಅನುಕೂಲವೇನಲ್ಲ.

ಆದರೆ ಎರಡು ಗಂಟೆಯ ನಿಯಮ ಮುರಿದದ್ದಕ್ಕೆ 30 ದಿನ ಕಾಯಬೇಕೆನ್ನುವುದು ಯಾವ ನ್ಯಾಯ? ಎನ್-10, ಎನ್-07 ಸಂದೇಶಗಳು ಬ್ಯಾಂಕಿನ ಕಂಪ್ಯೂಟರಿನಲ್ಲಿ ಗಂಟೆ ನಿಮಿಷ ಸಮೇತ ದಾಖಲಾಗಿರುತ್ತವೆ. ಅವನ್ನು ಹಣ ಕಳಿಸಿದವರ ಆ್ಯಪ್‌ನಲ್ಲಿ ಯುಟಿಆರ್ ಪಕ್ಕದಲ್ಲೇ ತೋರಿಸುವುದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ರಿಸರ್ವ್ ಬ್ಯಾಂಕ್ ಇದನ್ನು ಕಡ್ಡಾಯ ಮಾಡಲಿ. ಜತೆಗೆ, ಬಡ್ಡಿಯ ಲೆಕ್ಕ ಮತ್ತು ದಿನಕ್ಕೆ 100 ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ನೆಫ್ಟ್ ವಿಳಂಬಕ್ಕೂ ಕೊಡಬೇಕೆಂದು ತನ್ನ 2019ರ ಸುತ್ತೋಲೆಯನ್ನು ವಿಸ್ತರಿಸಲಿ.