ಅತಿ ಹೆಚ್ಚು, ಅತಿ ಕಡಿಮೆ ತೆಗೆದ್ರೆ ಪಕ್ಷಪಾತ ಹೋಗುತ್ತಾ?

(1/5)
ಡೈವಿಂಗ್ ನೋಡಿದ್ದೀರಲ್ವಾ? ಏಳು ಜಡ್ಜ್‌ಗಳು, ಪ್ರತಿ ಡೈವ್‌ಗೆ 0ಯಿಂದ 10ರವರೆಗೆ ಅಂಕ, ಅದೂ ಅರ್ಧರ್ಧ ಅಂಕದ ಲೆಕ್ಕದಲ್ಲಿ. ಆಮೇಲೆ ಮೇಲಿನದ್ದು ಕೆಳಗಿನದ್ದು ಹೊಡೆದು ಹಾಕ್ತಾರೆ. "ಯಾರಾದ್ರೂ ತಮ್ಮ ದೇಶದವನಿಗೆ ಜಾಸ್ತಿ ಕೊಟ್ರೂ ಆ ಅಂಕವೇ ಹೋಗುತ್ತಲ್ಲ, ಇನ್ನೇನು ಚಿಂತೆ?" ಅಂತ ನಮಗೆ ಅನ್ಸುತ್ತೆ. ನನ್ನ ಪ್ರಕಾರ ಈ ನಂಬಿಕೆಯೇ ತಪ್ಪು. ಅಂಕ ಹೋದರೂ ಅದರ ಪರಿಣಾಮ ಹೋಗಲ್ಲ. ಹೇಗೆ ಅಂತ ಒಂದು ಲೆಕ್ಕ ಮಾಡಿಯೇ ನೋಡೋಣ.

(2/5)
2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿದ್ದ ನಿಯಮ ಹೀಗಿತ್ತು: ಏಳು ಅಂಕಗಳಲ್ಲಿ ಅತಿ ಹೆಚ್ಚಿನದೊಂದು, ಅತಿ ಕಡಿಮೆಯದೊಂದು ತೆಗೆಯಬೇಕು. ಉಳಿದ ಐದನ್ನು ಕೂಡಿಸಿ, ಡೈವ್ ಎಷ್ಟು ಕಷ್ಟದ್ದು ಅನ್ನೋ ಸಂಖ್ಯೆಯಿಂದ ಗುಣಿಸಿ, ಮತ್ತೆ 0.6ರಿಂದ ಗುಣಿಸಬೇಕು.

ಒಂದು ಕಾಲ್ಪನಿಕ ಡೈವ್ ತಗೊಳ್ಳಿ. ಕಷ್ಟದ ಸಂಖ್ಯೆ 3.0. ಆರು ಜಡ್ಜ್‌ಗಳು ಕೊಟ್ಟಿದ್ದು 7.5, 7.5, 8, 8, 8, 8.5. ಏಳನೆಯವರು ಪ್ರಾಮಾಣಿಕವಾಗಿ 8 ಕೊಟ್ಟರು ಅಂತಿಟ್ಟುಕೊಳ್ಳಿ. ಒಂದು 7.5 ಹೋಯ್ತು, 8.5 ಹೋಯ್ತು. ಉಳಿದ ಐದರ ಮೊತ್ತ 39.5. ಡೈವ್‌ಗೆ ಸಿಕ್ಕಿದ್ದು 71.10.

ಈಗ ಅದೇ ಏಳನೆಯವರು ತಮ್ಮ ದೇಶದ ಹುಡುಗ ಅಂತ ನಾಚಿಕೆ ಬಿಟ್ಟು 9.5 ಕೊಟ್ಟರು. ಆ 9.5 ಹೊರಗೆ ಹೋಗುತ್ತೆ, ನಿಜ. ಆದರೆ ಮೊದಲು ಹೊರಗೆ ಹೋಗಿದ್ದ 8.5 ಈಗ ಒಳಗೇ ಉಳೀತು! ಮೊತ್ತ 40, ಡೈವ್‌ಗೆ 72.00. ಅಂದ್ರೆ 0.90 ಜಾಸ್ತಿ.

ಇನ್ನೂ ಸ್ವಾರಸ್ಯ ಕೇಳಿ. 9.5ರ ಬದಲು ಅವರು ಬರೀ 8.5 ಕೊಟ್ಟಿದ್ರೂ ಸಿಗ್ತಿದ್ದಿದ್ದು ಅದೇ 72.00. ಹಾಗಾಗಿ ಜಾಣ ಜಡ್ಜ್ ಯಾವತ್ತೂ 9.5 ಕೊಡಲ್ಲ. ಅರ್ಧ ಅಂಕ ಮಾತ್ರ ಏರಿಸ್ತಾರೆ. ಯಾರ ಕಣ್ಣಿಗೂ ಬೀಳಲ್ಲ, ಕೆಲಸ ಪೂರ್ತಿ ಆಗುತ್ತೆ.

0.90 ಏನು ಮಹಾ ಅಂತೀರಾ? ಅದೇ ಸಿಡ್ನಿಯಲ್ಲಿ ಪುರುಷರ 3 ಮೀಟರ್ ಸ್ಪ್ರಿಂಗ್‌ಬೋರ್ಡ್‌ನ ಚಿನ್ನ ಚೀನಾದ ಷಿಯೋಂಗ್ ನೀಗೆ ಹೋಯ್ತು, ಅಂಕ 708.72. ಬೆಳ್ಳಿ ಮೆಕ್ಸಿಕೋದ ಫರ್ನಾಂಡೊ ಪ್ಲಾಟಾಸ್‌ಗೆ, ಅಂಕ 708.42. ಅಂತರ 0.30. ಆ ಪದಕ ತಪ್ಪು ಅಂತ ನಾನು ಹೇಳ್ತಿಲ್ಲ. ಇಷ್ಟು ಸಣ್ಣ ಅಂತರದಲ್ಲಿ ಒಂದೇ ಡೈವ್‌ನ ಒಂದೇ ಅರ್ಧ ಅಂಕಕ್ಕೂ ಪದಕ ಅದಲುಬದಲು ಮಾಡೋ ಶಕ್ತಿ ಇರುತ್ತೆ ಅಂತಷ್ಟೇ ಹೇಳ್ತಿದ್ದೀನಿ.

(3/5)
"ಹಾಗಾದ್ರೆ ಇನ್ನೂ ಜಾಸ್ತಿ ಕತ್ತರಿಸಿ" ಅಂತ ನೀವು ಕೇಳಬಹುದು. ಹಾಗೇ ಮಾಡಿದ್ದಾರೆ ಕೂಡ. ಈಗಿನ ನಿಯಮದಲ್ಲಿ ಮೇಲಿನ ಎರಡು, ಕೆಳಗಿನ ಎರಡು ಹೋಗುತ್ತವೆ, ಮಧ್ಯದ ಮೂರನ್ನು ಕೂಡಿಸಿ ಕಷ್ಟದ ಸಂಖ್ಯೆಯಿಂದ ಗುಣಿಸ್ತಾರೆ. ಮೇಲಿನ ಉದಾಹರಣೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತೆ. ಏಳನೆಯವರು 8 ಕೊಟ್ಟರೂ, 9.5 ಕೊಟ್ಟರೂ ಮಧ್ಯದಲ್ಲಿ ಉಳಿಯೋದು 8, 8, 8.

ಆದರೆ ಜಡ್ಜ್‌ಗಳು ಎರಡು ಭಾಗ ಆದಾಗ ನೋಡಿ. ಮೂವರು 7.5, ಮೂವರು 8 ಕೊಟ್ಟಿದ್ದಾರೆ. ಏಳನೆಯವರು 7.5 ಕೊಟ್ಟರೆ ಮಧ್ಯದ ಮೂರು 7.5, 7.5, 8. ಮೊತ್ತ 23, ಡೈವ್‌ಗೆ 69. ಅವರು 8 ಕೊಟ್ಟರೆ ಮಧ್ಯದ ಮೂರು 7.5, 8, 8. ಮೊತ್ತ 23.5, ಡೈವ್‌ಗೆ 70.50. ಒಬ್ಬರ ಅರ್ಧ ಅಂಕದಿಂದ 1.50 ವ್ಯತ್ಯಾಸ! ಹಳೇ ನಿಯಮದಲ್ಲಿ ಇದೇ ಅಂಕಗಳಿಗೆ 0.90 ಮಾತ್ರ ಬದಲಾಗ್ತಿತ್ತು. ಕಡಿಮೆ ಅಂಕ ಉಳಿದಷ್ಟೂ ಉಳಿದ ಒಂದೊಂದಕ್ಕೂ ತೂಕ ಜಾಸ್ತಿ, ಅದಕ್ಕೇ ಹೀಗಾಗೋದು.

ಅಂದ್ರೆ ಕತ್ತರಿಸೋದು ವ್ಯರ್ಥ ಅಂತಲ್ಲ. ಒಬ್ಬರು ಹುಚ್ಚುಚ್ಚಾಗಿ 3 ಅಥವಾ 10 ಕೊಟ್ಟರೆ ಅದರ ಹಾನಿಗೆ ಒಂದು ಮಿತಿ ಹಾಕುತ್ತೆ. ಅಷ್ಟೇ ಅದರ ಕೆಲಸ. ಪಕ್ಷಪಾತ ಹಿಡಿಯೋದು ಅದರ ಕೆಲಸವೇ ಅಲ್ಲ.

(4/5)
ಹಿಡಿಯೋದು ಹೇಗೆ ಮತ್ತೆ? ಒಂದು ಡೈವ್ ನೋಡಿದ್ರೆ ಏನೂ ಗೊತ್ತಾಗಲ್ಲ. ಒಬ್ಬ ಜಡ್ಜ್‌ನ ಎಲ್ಲ ಅಂಕಗಳನ್ನೂ ಒಟ್ಟಿಗೆ ನೋಡಬೇಕು. ಪ್ರತಿ ಡೈವ್‌ಗೂ ಅವರ ಅಂಕದಿಂದ ಉಳಿದ ಆರು ಜಡ್ಜ್‌ಗಳ ಸರಾಸರಿ ಕಳೆಯಿರಿ. ಇದನ್ನು ತಮ್ಮ ದೇಶದವರಿಗೆ ಬೇರೆ, ಉಳಿದವರಿಗೆ ಬೇರೆ ಸರಾಸರಿ ಮಾಡಿ.

ಉದಾಹರಣೆಗೆ, ಒಬ್ಬರು ತಮ್ಮವರಿಗೂ +0.30, ಬೇರೆಯವರಿಗೂ +0.30 ಕೊಡ್ತಾರೆ. ಇವರದ್ದು ಧಾರಾಳ ಕೈ, ಪಕ್ಷಪಾತ ಅಲ್ಲ. ಇನ್ನೊಬ್ಬರು ತಮ್ಮವರ 10 ಡೈವ್‌ಗೆ +0.35, ಬೇರೆಯವರ 60 ಡೈವ್‌ಗೆ −0.05. ಅಂತರ 0.40. ಇಲ್ಲಿ ಅನುಮಾನ ಪಡಬೇಕು.

ಆದರೆ ಅದು ಆಕಸ್ಮಿಕವೂ ಆಗಿರಬಹುದಲ್ಲ? ಅದಕ್ಕೊಂದು ಸರಳ ಪರೀಕ್ಷೆ ಇದೆ. ಆ 70 ಡೈವ್‌ಗಳಲ್ಲಿ ಯಾವುದೋ 10ಕ್ಕೆ "ತಮ್ಮವರು" ಅಂತ ಚೀಟಿ ಎತ್ತಿದ ಹಾಗೆ ಹಣೆಪಟ್ಟಿ ಹಚ್ಚಿ, ಮತ್ತೆ ಅಂತರ ಲೆಕ್ಕ ಹಾಕಿ. ಕಂಪ್ಯೂಟರ್‌ನಲ್ಲಿ 10,000 ಸಲ ಹೀಗೆ ಮಾಡಿ. ಅಷ್ಟರಲ್ಲಿ 0.40 ಅಥವಾ ಅದಕ್ಕಿಂತ ದೊಡ್ಡ ಅಂತರ ಹತ್ತಿಪ್ಪತ್ತು ಸಲ ಮಾತ್ರ ಬಂದ್ರೆ, "ಆಕಸ್ಮಿಕ" ಅನ್ನೋ ಸಬೂಬು ನಿಲ್ಲಲ್ಲ.

ಯೇಲ್ ವಿಶ್ವವಿದ್ಯಾಲಯದ ಜಾನ್ ಎಮರ್ಸನ್ ಮತ್ತು ಸಂಗಡಿಗರು ಸಿಡ್ನಿ ಡೈವಿಂಗ್‌ನ 10,787 ಅಂಕಗಳನ್ನು ಹೀಗೇ ಜಾಲಾಡಿ 2009ರಲ್ಲಿ ಪ್ರಕಟಿಸಿದರು. ತಮ್ಮ ದೇಶದವರ ಕಡೆ ವಾಲುವಿಕೆ ಇದೆ ಅನ್ನೋದಕ್ಕೆ ಅಂಕಿಅಂಶದ ಪುರಾವೆ ಸಿಕ್ಕಿತು.

ಈ ಪರೀಕ್ಷೆಗೂ ಮಿತಿ ಇದೆ. ವಾಲುವಿಕೆ ತೋರಿಸುತ್ತೆ, ಉದ್ದೇಶ ತೋರಿಸಲ್ಲ. ತಮ್ಮ ದೇಶದ ಶೈಲಿಯೇ ಚೆಂದ ಅಂತ ಒಬ್ಬರಿಗೆ ಮನಸಾರೆ ಅನ್ನಿಸಿರಬಹುದು. ಮತ್ತೆ, ನಾಲ್ಕು ಜಡ್ಜ್‌ಗಳು ಒಳಗೊಳಗೇ ಮಾತಾಡಿಕೊಂಡ್ರೆ "ಉಳಿದವರ ಸರಾಸರಿ"ಯೇ ವಾಲಿಬಿಡುತ್ತೆ, ಆಗ ಪ್ರಾಮಾಣಿಕರೇ ತಪ್ಪಿತಸ್ಥರ ಹಾಗೆ ಕಾಣ್ತಾರೆ.

(5/5)
ಈಗ ನನ್ನ ವಾದಕ್ಕೆ ಬರ್ತೀನಿ. ಈ ಲೆಕ್ಕ ಮಾಡೋಕೆ ಬೇಕಿರೋದು ಒಂದೇ: ಯಾವ ಅಂಕ ಯಾವ ಜಡ್ಜ್‌ದು ಅನ್ನೋ ಮಾಹಿತಿ. ಅದನ್ನೇ ಮುಚ್ಚಿಟ್ರೆ?

ಫಿಗರ್ ಸ್ಕೇಟಿಂಗ್‌ನವರು ಮಾಡಿದ್ದು ಅದನ್ನೇ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಜೋಡಿ ಸ್ಪರ್ಧೆಯಲ್ಲಿ ರಷ್ಯಾದ ಜೋಡಿ 5–4ರಲ್ಲಿ ಕೆನಡಾದವರನ್ನು ಸೋಲಿಸಿತು. ಒಬ್ಬ ಜಡ್ಜ್ ಮೇಲೆ ಒತ್ತಡ ಇತ್ತು ಅನ್ನೋ ವಿಷಯ ಹೊರಬಿದ್ದು, ಕೊನೆಗೆ ಕೆನಡಾ ಜೋಡಿಗೂ ಚಿನ್ನ ಕೊಟ್ಟರು. ಆಮೇಲೆ ಬಂದ ಹೊಸ ಪದ್ಧತಿಯಲ್ಲಿ ಅತಿ ಹೆಚ್ಚು, ಅತಿ ಕಡಿಮೆ ಅಂಕ ತೆಗೆಯೋ ನಿಯಮವೂ ಬಂತು, ಜಡ್ಜ್‌ಗಳ ಹೆಸರು ಮರೆಮಾಡೋ ನಿಯಮವೂ ಬಂತು. ಹೆಸರು ಗೊತ್ತಿಲ್ಲದಿದ್ರೆ ಒತ್ತಡ ಹಾಕೋರಿಗೆ ಮಾತು ಉಳಿಸಿಕೊಂಡರಾ ಇಲ್ವಾ ತಿಳಿಯಲ್ಲ ಅನ್ನೋದು ವಾದ. ಆದರೆ ಹೊರಗಿನಿಂದ ಪರೀಕ್ಷೆ ಮಾಡೋರ ಕಣ್ಣಿಗೂ ಬಟ್ಟೆ ಕಟ್ಟಿದಂತಾಯ್ತಲ್ಲ! 2016ರಲ್ಲಿ ಆ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವೇ ಹೆಸರು ಮರೆಮಾಡೋದನ್ನು ಕೈಬಿಟ್ಟಿತು. ಸರಿಯಾದ ನಿರ್ಧಾರ ಅಂತ ನನ್ನ ಅಭಿಪ್ರಾಯ.

ನಮ್ಮ ಕಾಲೇಜು ಫೆಸ್ಟ್‌ಗಳಿಗೂ ಇದು ಅನ್ವಯಿಸುತ್ತೆ. ಡ್ಯಾನ್ಸ್ ಸ್ಪರ್ಧೆಗೆ ಮೂರು ಜಡ್ಜ್ ಕೂರಿಸಿ "ಮೇಲಿನದ್ದು ಕೆಳಗಿನದ್ದು ತೆಗೀತೀವಿ" ಅಂದ್ರೆ ಉಳಿಯೋದು ಒಂದೇ ಅಂಕ ಕಣ್ರೋ. ಅದರ ಬದಲು ಮೂವರದ್ದೂ ಕೂಡಿಸಿ, ಹೆಸರಿನ ಜೊತೆ ಅಂಕಪಟ್ಟಿ ನೋಟಿಸ್ ಬೋರ್ಡ್‌ಗೆ ಹಾಕಿ. ತಂಡದವರು ಪ್ರಶ್ನೆ ಕೇಳ್ತಾರೆ, ಕೇಳಲಿ. ಕೊಟ್ಟ ಅಂಕಕ್ಕೆ ಕಾರಣ ಹೇಳಬಲ್ಲ ಜಡ್ಜ್‌ಗೆ ಹೆಸರು ಬರೆಯೋಕೆ ಏನು ತೊಂದರೆ?

ನೀವು ಸ್ಪರ್ಧಿಯಾಗಿದ್ರೆ ಯಾವುದು ಬೇಕು: ಹೆಸರಿಲ್ಲದ ಕತ್ತರಿಸಿದ ಅಂಕವೋ, ಹೆಸರಿರೋ ಪೂರ್ತಿ ಅಂಕಪಟ್ಟಿಯೋ? ಕಮೆಂಟ್‌ನಲ್ಲಿ ಬರೀರಿ.

#ಡೈವಿಂಗ್ #ಒಲಿಂಪಿಕ್ಸ್ #ಅಂಕದಲೆಕ್ಕ