ಊರಿನಿಂದ ಮುಚ್ಚಿಡಿ, ಸಂಗಾತಿಯಿಂದಲ್ಲ

ಮೂತ್ರ ಮಾಡುವಾಗ ಉರಿಯಾದರೆ ನಮ್ಮವರ ಬಾಯಲ್ಲಿ ಮೊದಲು ಬರುವ ಮಾತು ‘ಉಷ್ಣ ಆಗಿದೆ’. ಎಳನೀರು ಕುಡಿ, ಮಜ್ಜಿಗೆ ಕುಡಿ, ಮೆಂತೆ ನೆನೆಹಾಕಿ ತಿನ್ನು ಎನ್ನುತ್ತಾರೆ. ಹೆಂಗಸರ ಬಿಳಿ ಸೆರಗಿಗೂ ಅದೇ ಕಾರಣ, ಅದೇ ಮದ್ದು. ಬಿಸಿಲಲ್ಲಿ ಅಲೆದು ನೀರು ಕುಡಿಯದೆ ಬಂದ ಉರಿಗೆ ಎಳನೀರು ಸಾಕಾಗುವುದೂ ಉಂಟು. ಆದರೆ ಮೂತ್ರದ್ವಾರದಿಂದ ಹಳದಿ ಕೀವು ಬಂದು ಒಳಉಡುಪಿಗೆ ಕಲೆಯಾಗುತ್ತಿದ್ದರೆ, ಗುಪ್ತಾಂಗದ ಮೇಲೆ ಹುಣ್ಣು ಎದ್ದಿದ್ದರೆ, ಅದನ್ನು ಉಷ್ಣವೆಂದು ಕರೆಯುವುದು ನಾಚಿಕೆಯನ್ನು ಮುಚ್ಚಿಕೊಳ್ಳುವ ದಾರಿಯಷ್ಟೆ. ಊರು ಬಿಟ್ಟು ಪುಣೆ, ಚೆನ್ನೈ, ದಿಲ್ಲಿಗಳಲ್ಲಿ ಇರುವವರಿಗೆ ಇನ್ನೊಂದು ತೊಡಕಿದೆ. ಮನೆಯಲ್ಲೇ ಹೇಳಲಾಗದ್ದನ್ನು ಗೊತ್ತಿಲ್ಲದ ಡಾಕ್ಟರಿಗೆ, ಅರ್ಧಂಬರ್ಧ ಬರುವ ಭಾಷೆಯಲ್ಲಿ ಹೇಳಬೇಕು. ಹಾಗಾಗಿ ಹೆಚ್ಚಿನವರು ನೇರವಾಗಿ ಹೋಗುವುದು ಔಷಧದಂಗಡಿಗೆ.

ಈ ಗುಟ್ಟಿನ ಬಗ್ಗೆ ನನ್ನ ತಕರಾರಿಲ್ಲ. ಇಂಥ ಕಾಯಿಲೆಯನ್ನು ನೆರೆಹೊರೆಯಿಂದ, ಆಫೀಸಿನಿಂದ, ಮನೆಯ ಹಿರಿಯರಿಂದ ಮುಚ್ಚಿಡುವ ಹಕ್ಕು ಯಾರಿಗಾದರೂ ಇದೆ. ನನ್ನ ತಕರಾರು ಒಂದೇ: ಸಂಗಾತಿಯಿಂದಲೂ ಮುಚ್ಚಿಟ್ಟು ಪಡೆದ ಚಿಕಿತ್ಸೆ ಅರ್ಧ ಚಿಕಿತ್ಸೆ. ಇದು ನೀತಿಪಾಠವಲ್ಲ, ಸೋಂಕು ನಡೆದುಕೊಳ್ಳುವ ರೀತಿಯೇ ಹಾಗಿದೆ.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಪುಣೆಯಲ್ಲಿ ಕೆಲಸದಲ್ಲಿರುವ, ಮದುವೆಯಾದ ಗಂಡಸು. ಕೆಲಸದ ಮೇಲೆ ಬೇರೆ ಊರಿಗೆ ಹೋದಾಗ ಶುಕ್ರವಾರ ರಾತ್ರಿ ಕಾಂಡೋಮ್ ಇಲ್ಲದೆ ಒಂದು ಸಂಪರ್ಕವಾಗಿದೆ. ಭಾನುವಾರ ಮನೆಗೆ ಬಂದು ಹೆಂಡತಿಯೊಡನೆ ಕೂಡಿದ್ದಾನೆ. ಮಂಗಳವಾರ ಬೆಳಿಗ್ಗೆ ಮೂತ್ರಕ್ಕೆ ಹೋದರೆ ಕತ್ತರಿಸಿದಂಥ ಉರಿ, ಜೊತೆಗೆ ಕೀವು. ಗೊನೊರಿಯಾ ಗಂಡಸರಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಹೀಗೆಯೇ, ಎರಡರಿಂದ ಏಳು ದಿನಗಳ ಒಳಗೆ. ದಿನಗಳ ಲೆಕ್ಕ ನೋಡಿ. ತನಗೆ ಸೋಂಕಿದೆ ಎಂದು ಅವನಿಗೆ ಗೊತ್ತಾಗುವ ಮೊದಲೇ ಅದು ಹೆಂಡತಿಗೆ ದಾಟಿರಬಹುದು.

ಅವನು ಔಷಧದಂಗಡಿಗೆ ಹೋಗುತ್ತಾನೆ. ಅಂಗಡಿಯವನು ಸಿಪ್ರೊಫ್ಲಾಕ್ಸಸಿನ್ ಮಾತ್ರೆ ಕೊಡುತ್ತಾನೆ. ಒಂದು ಕಾಲಕ್ಕೆ ಇದು ಗೊನೊರಿಯಾಕ್ಕೆ ಒಳ್ಳೆಯ ಮದ್ದೇ ಆಗಿತ್ತು, ಆದರೆ ಭಾರತದಲ್ಲಿ ಆ ರೋಗಾಣು ಈ ಮದ್ದಿಗೆ ಬಗ್ಗದೆ ಬಹಳ ವರ್ಷಗಳಾದವು. ಕೀವು ಸ್ವಲ್ಪ ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಇನ್ನೊಂದು ಅಂಗಡಿಯಲ್ಲಿ ಇನ್ನೊಂದು ಮಾತ್ರೆ. ಈ ಸಲ ಅದೃಷ್ಟಕ್ಕೆ ಗುಣವಾಯಿತು ಎಂದುಕೊಳ್ಳಿ. ಎರಡು ವಾರ ಬಿಟ್ಟು ಮತ್ತೆ ಉರಿ, ಮತ್ತೆ ಕೀವು. ಮದ್ದು ಸೋತಿತು ಎಂದು ಅವನು ತಿಳಿಯುತ್ತಾನೆ. ನಿಜವಾಗಿ ಆದದ್ದೇ ಬೇರೆ: ಅವನು ಕೊಟ್ಟ ಸೋಂಕನ್ನು ಹೆಂಡತಿಯಿಂದ ಮರಳಿ ಪಡೆದಿದ್ದಾನೆ.

ಹೆಂಡತಿಗೆ ಏನೂ ಆಗಿಲ್ಲವಲ್ಲ ಎಂದು ಕೇಳಬಹುದು. ಇಡೀ ವಿಷಯ ನಿಂತಿರುವುದೇ ಇಲ್ಲಿ. ಹೆಂಗಸರಲ್ಲಿ ಗೊನೊರಿಯಾ ಮತ್ತು ಅದರ ಜೊತೆಗಾರ ಕ್ಲಮೈಡಿಯ ಕೂರುವುದು ಹೆಚ್ಚಾಗಿ ಗರ್ಭಕೊರಳಿನಲ್ಲಿ. ಅಲ್ಲಿ ನೋವಿಲ್ಲ, ಉರಿಯಿಲ್ಲ. ಸ್ರಾವ ತುಸು ಹೆಚ್ಚಾದರೂ ‘ಯಾವಾಗಲೂ ಇರುವುದೇ’ ಎಂದು ಅವಳು ಸುಮ್ಮನಾಗುತ್ತಾಳೆ. ಚಿಕಿತ್ಸೆಯಿಲ್ಲದೆ ಉಳಿದ ಸೋಂಕು ಕೆಲವರಲ್ಲಿ ಗರ್ಭಕೋಶ ದಾಟಿ ಗರ್ಭನಾಳಗಳಿಗೆ ಏರುತ್ತದೆ. ಕಿಬ್ಬೊಟ್ಟೆ ನೋವು, ಜ್ವರ, ನಾಳ ಕಟ್ಟಿಕೊಂಡು ಮಕ್ಕಳಾಗದಿರುವುದು, ನಾಳದಲ್ಲೇ ಗರ್ಭ ನಿಂತು ಜೀವಕ್ಕೆ ಬರುವುದು, ಇವೆಲ್ಲ ಅಲ್ಲಿಂದ ಮುಂದಿನ ಮಾತು. ನಾಲ್ಕು ವರ್ಷದ ಮೇಲೆ ‘ಇವಳಿಗೆ ಮಕ್ಕಳಾಗಲಿಲ್ಲ’ ಎಂದು ಬಂಧುಬಳಗ ಆಡಿಕೊಳ್ಳುವಾಗ, ಆ ಮಂಗಳವಾರದ ನೆನಪು ಯಾರಿಗೂ ಇರುವುದಿಲ್ಲ.

ಅದೇ ಮಂಗಳವಾರ ಸರಿಯಾಗಿ ನಡೆದರೆ ಹೇಗಿರುತ್ತಿತ್ತು? ಅವನು ಚರ್ಮ ಮತ್ತು ಗುಹ್ಯರೋಗಗಳ ಡಾಕ್ಟರನ್ನು ಕಾಣುತ್ತಾನೆ. ಕೀವನ್ನು ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಲವು ಸಲ ಅಲ್ಲಿಯೇ ಗೊನೊರಿಯಾದ ಗುರುತು ಸಿಗುತ್ತದೆ. ಮೂತ್ರದ ಪಿಸಿಆರ್ ಪರೀಕ್ಷೆ ಗೊನೊರಿಯಾ, ಕ್ಲಮೈಡಿಯ ಎರಡನ್ನೂ ಹಿಡಿಯುತ್ತದೆ. ಜೊತೆಗೆ ಸಿಫಿಲಿಸ್, ಎಚ್‌ಐವಿ, ಹೆಪಟೈಟಿಸ್ ಬಿ ರಕ್ತಪರೀಕ್ಷೆ. ವರದಿಗೆ ಕಾಯದೆ ಅಂದೇ ಚಿಕಿತ್ಸೆ ಶುರು. ಗೊನೊರಿಯಾಕ್ಕೆ ಈಗ ಹೆಚ್ಚಿನ ಡಾಕ್ಟರರು ನೆಚ್ಚುವುದು ಸೆಫ್ಟ್ರಿಯಾಕ್ಸೋನ್ ಎಂಬ ಒಂದೇ ಇಂಜೆಕ್ಷನ್, ಕ್ಲಮೈಡಿಯಕ್ಕೆ ಏಳು ದಿನ ಡಾಕ್ಸಿಸೈಕ್ಲಿನ್ ಮಾತ್ರೆ. ಹೆಂಡತಿಯನ್ನೂ ಅದೇ ವಾರ ಕರೆತರಲು ಡಾಕ್ಟರ್ ಹೇಳುತ್ತಾರೆ. ಅವಳಿಗೂ ಪರೀಕ್ಷೆ, ಅವಳಿಗೂ ಅದೇ ಚಿಕಿತ್ಸೆ. ಬಸಿರಿಯಾಗಿದ್ದರೆ ಡಾಕ್ಸಿಸೈಕ್ಲಿನ್ ಬದಲು ಬೇರೆ ಮಾತ್ರೆ. ಇಬ್ಬರ ಚಿಕಿತ್ಸೆಯೂ ಮುಗಿದು, ಇಂಜೆಕ್ಷನ್ ಆದ ಮೇಲೂ ಏಳು ದಿನ ಕಳೆಯುವ ತನಕ ಕೂಡುವಂತಿಲ್ಲ. ಸಿಫಿಲಿಸ್ ರಕ್ತದಲ್ಲಿ ಕಾಣಲು ಮೂರು ತಿಂಗಳವರೆಗೂ ಹಿಡಿಯಬಹುದಾದ್ದರಿಂದ ಮೂರು ತಿಂಗಳಿಗೆ ರಕ್ತಪರೀಕ್ಷೆ ಇನ್ನೊಮ್ಮೆ.

ಹೆಂಡತಿಯ ವರದಿ ಬರುವ ಮೊದಲೇ ಮದ್ದೇಕೆ? ಸೋಂಕು ದಾಟಿರುವ ಸಂಭವ ಹೆಚ್ಚು, ಲಕ್ಷಣ ಇರುವ ಸಂಭವ ಕಡಿಮೆ. ವರದಿಗೆಂದು ಮನೆಗೆ ಹೋದವರಲ್ಲಿ ಮರಳಿ ಬಾರದವರೂ ಇರುತ್ತಾರೆ. ಆ ನಡುವಿನ ದಿನಗಳಲ್ಲಿ ಸೋಂಕು ಮತ್ತೆ ಇತ್ತ ದಾಟುತ್ತದೆ. ಇನ್ನೊಂದು ಮಾತು: ಸಂಗಾತಿ ಎಂದರೆ ಹೆಂಡತಿ ಒಬ್ಬಳೇ ಅಲ್ಲ. ಲಕ್ಷಣ ಶುರುವಾಗುವ ಹಿಂದಿನ ಎರಡು ತಿಂಗಳಲ್ಲಿ ಕೂಡಿದ ಎಲ್ಲರಿಗೂ ಸುದ್ದಿ ಮುಟ್ಟಬೇಕು, ಆ ಶುಕ್ರವಾರದವರಿಗೂ.

ಹುಣ್ಣಿನ ಕಥೆ ಇದಕ್ಕಿಂತ ಮೋಸದ್ದು. ಸಿಫಿಲಿಸ್‌ನ ಮೊದಲ ಹುಣ್ಣು ಗಟ್ಟಿ ಅಂಚಿನದು, ಸಾಮಾನ್ಯವಾಗಿ ಒಂದೇ, ನೋವೇ ಇಲ್ಲ. ಸಂಪರ್ಕವಾಗಿ ಸುಮಾರು ಮೂರು ವಾರಕ್ಕೆ ಏಳುತ್ತದೆ, ಮುಂದಿನ ಮೂರರಿಂದ ಆರು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಮುಲಾಮು ಹಚ್ಚಿದವನು ಮುಲಾಮಿನಿಂದ ವಾಸಿಯಾಯಿತು ಎನ್ನುತ್ತಾನೆ, ದೇವರಿಗೆ ಹರಕೆ ಹೊತ್ತವನು ಹರಕೆಯಿಂದ ಎನ್ನುತ್ತಾನೆ. ರೋಗ ಮಾತ್ರ ರಕ್ತದಲ್ಲಿ ಉಳಿದಿರುತ್ತದೆ, ಬಸಿರಿ ಹೆಂಡತಿಗೆ ದಾಟಿದರೆ ಕೂಸಿನ ಜೀವಕ್ಕೇ ಸಂಚಕಾರ. ಸಣ್ಣ ನೀರುಗುಳ್ಳೆಗಳ ಗೊಂಚಲು ಎದ್ದು, ಒಡೆದು, ಮುಟ್ಟಿದರೆ ಜೀವ ಹೋಗುವಷ್ಟು ನೋಯುತ್ತಿದ್ದರೆ ಅದು ಹೆಚ್ಚಾಗಿ ಹರ್ಪಿಸ್. ಎರಡರಲ್ಲೂ ಸಂಗಾತಿಗೆ ಹೇಳಬೇಕು, ಆದರೆ ಮುಂದಿನ ಹೆಜ್ಜೆ ಬೇರೆ. ಸಿಫಿಲಿಸ್ ಹುಣ್ಣಿದ್ದವರ ಜೊತೆ ಕಳೆದ ಮೂರು ತಿಂಗಳಲ್ಲಿ ಕೂಡಿದವರಿಗೆ, ರಕ್ತಪರೀಕ್ಷೆ ನೆಗೆಟಿವ್ ಬಂದರೂ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾರೆ, ಏಕೆಂದರೆ ರೋಗ ಇನ್ನೂ ಪರೀಕ್ಷೆಗೆ ಸಿಗದ ಹಂತದಲ್ಲಿರಬಹುದು. ಹರ್ಪಿಸ್‌ನಲ್ಲಿ ಗುಳ್ಳೆ ಏಳದ ಸಂಗಾತಿಗೆ ಮದ್ದು ಬೇಕಿಲ್ಲ.

ಇಲ್ಲಿ ಎದುರುಮಾತೊಂದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಹೆಂಗಸಿಗೆ ಬಿಳಿ ಸೆರಗು ಎಂದ ಕೂಡಲೇ ‘ಗಂಡನನ್ನೂ ಕರೆತಾ’ ಎಂದು ಹೇಳಿಬಿಟ್ಟರೆ ಎಷ್ಟು ಸಂಸಾರಗಳು ಸುಮ್ಮನೆ ಮುರಿಯುತ್ತವೆ? ಈ ಆಕ್ಷೇಪ ನಿಜ. ಮೊಸರಿನ ಗಂಟಿನಂಥ ಸ್ರಾವ, ತಡೆಯಲಾಗದ ತುರಿಕೆ ಇದ್ದರೆ ಅದು ಸಾಮಾನ್ಯವಾಗಿ ಕ್ಯಾಂಡಿಡ ಶಿಲೀಂಧ್ರ. ಆ್ಯಂಟಿಬಯಾಟಿಕ್ ತಿಂದ ಮೇಲೆ, ಸಕ್ಕರೆ ಕಾಯಿಲೆಯಲ್ಲಿ, ಬಸಿರಿನಲ್ಲಿ ತಾನಾಗಿಯೇ ಬರುತ್ತದೆ, ಯಾರೂ ಯಾರಿಗೂ ಮೋಸ ಮಾಡಿರಬೇಕಿಲ್ಲ. ಮೀನಿನ ವಾಸನೆಯ ತೆಳು ಸ್ರಾವ ಹೆಚ್ಚಾಗಿ ಒಳಗಿನ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದ್ದರ ಗುರುತು. ಆದ್ದರಿಂದ ಗಂಡಸಿನ ಕೀವಿಗೂ ಹೆಂಗಸಿನ ಬಿಳಿ ಸೆರಗಿಗೂ ಒಂದೇ ನಿಯಮ ಸಲ್ಲದು. ಮೊದಲನೆಯದರಲ್ಲಿ ಇಬ್ಬರಿಗೂ ತಡಮಾಡದೆ ಚಿಕಿತ್ಸೆ, ಎರಡನೆಯದರಲ್ಲಿ ಮೊದಲು ಪರೀಕ್ಷೆ, ಆಮೇಲೆ ಮಾತು. ಪರೀಕ್ಷೆ ಮಾಡದೆ ಗಂಡನನ್ನು ಕರೆಸುವ ಡಾಕ್ಟರೂ, ಕೀವು ಕಂಡೂ ಹೆಂಡತಿಯ ವಿಷಯ ಕೇಳದ ಡಾಕ್ಟರೂ ನನ್ನ ಲೆಕ್ಕದಲ್ಲಿ ಒಂದೇ ತಪ್ಪು ಮಾಡುತ್ತಾರೆ.

ಪರೀಕ್ಷೆ ಗುಟ್ಟಾಗಿ ಆಗುತ್ತದೆಯೇ? ಆಗುತ್ತದೆ. ದೊಡ್ಡ ಊರುಗಳಲ್ಲಿ ಖಾಸಗಿ ಲ್ಯಾಬಿನವರು ಮನೆಗೇ ಬಂದು ರಕ್ತ, ಮೂತ್ರ ಒಯ್ಯುತ್ತಾರೆ. ಬುಕ್ ಮಾಡುವಾಗ ಮನೆಯವರೆಲ್ಲ ಸೇರಿದ ಖಾತೆ ಬಿಟ್ಟು ನಿಮ್ಮದೇ ಫೋನ್ ನಂಬರ್, ನಿಮ್ಮದೇ ಇಮೇಲ್ ಕೊಡಿ, ಗುಟ್ಟು ಸೋರುವುದು ಹೆಚ್ಚಾಗಿ ಅಲ್ಲಿಯೇ. ಪ್ಯಾಕೇಜಿನ ಹೆಸರು ನೋಡಿ ಮರುಳಾಗಬೇಡಿ. ಕ್ಲಮೈಡಿಯ, ಹರ್ಪಿಸ್‌ಗಳ ‘ಐಜಿಜಿ’ ರಕ್ತಪರೀಕ್ಷೆ ತುಂಬಿದ ಪಟ್ಟಿಗಳುಂಟು. ಅವು ಹಿಂದೆ ಎಂದೋ ತಗುಲಿದ್ದನ್ನು ಹೇಳಬಹುದೇ ಹೊರತು ಇಂದಿನ ಉರಿಗೆ ಕಾರಣ ಯಾವುದೆಂದು ಹೇಳುವುದಿಲ್ಲ. ಸ್ರಾವಕ್ಕೆ ಬೇಕಾದದ್ದು ಪಿಸಿಆರ್. ಗಂಡಸರು ಒಂದು ಗಂಟೆಯಾದರೂ ಮೂತ್ರ ತಡೆದು, ಮೊದಲು ಬರುವ ಸ್ವಲ್ಪವನ್ನೇ ಹಿಡಿಯಬೇಕು. ನಡುವಿನ ಧಾರೆ ಹಿಡಿದರೆ ಸೋಂಕು ತಪ್ಪಿಹೋಗಬಹುದು. ಹೆಂಗಸರಿಗೆ ಮೂತ್ರಕ್ಕಿಂತ ಯೋನಿಯ ಸ್ವಾಬ್ ಒಳ್ಳೆಯದು.

ದುಡ್ಡು ಸಾಲದಿದ್ದರೆ, ಡಾಕ್ಟರ್ ಸಿಗದಿದ್ದರೆ ಸರಕಾರಿ ದಾರಿಯಿದೆ. ಜಿಲ್ಲಾ ಆಸ್ಪತ್ರೆ, ಸರಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಎಂಬ ಹೆಸರಿನ ಕೋಣೆ ಇರುತ್ತದೆ, ಸಲಹೆ, ಪರೀಕ್ಷೆ, ಮದ್ದು ಉಚಿತ. ನ್ಯಾಕೋ ಸಂಸ್ಥೆ ಮದ್ದುಗಳನ್ನು ಏಳು ಬಣ್ಣದ ಕಿಟ್‌ಗಳಾಗಿ ಹಂಚಿದ್ದು ಈ ಕ್ಲಿನಿಕ್‌ಗಳಿಗಾಗಿಯೇ. ಕೀವಿಗೆ ಬೂದು ಬಣ್ಣದ ಕಿಟ್, ಅವನ ಸಂಗಾತಿಗೂ ಅದೇ ಬೂದು ಕಿಟ್. 1097 ಸಹಾಯವಾಣಿಗೆ ಫೋನ್ ಮಾಡಿದರೆ ಹತ್ತಿರದ ಕ್ಲಿನಿಕ್ ಯಾವುದೆಂದು ಹೇಳುತ್ತಾರೆ.

ಉಳಿದದ್ದು ಸಂಗಾತಿಗೆ ಹೇಳುವ ಮಾತು. ಯಾವ ಪರೀಕ್ಷೆಯೂ ಸೋಂಕು ಯಾರಿಂದ ಯಾರಿಗೆ ಬಂತು ಎಂದು ಹೇಳುವುದಿಲ್ಲ. ಕ್ಲಮೈಡಿಯವಂತೂ ತಿಂಗಳುಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಆದ್ದರಿಂದ ಮೊದಲ ದಿನ ‘ಯಾರಿಂದ’ ಎಂಬ ವಿಚಾರಣೆ ಬೇಕಿಲ್ಲ. ‘ನನಗೊಂದು ಸೋಂಕು ಬಂದಿದೆ, ನಿನಗೂ ದಾಟಿರಬಹುದು, ಏನೂ ಅನ್ನಿಸದಿದ್ದರೂ ಇರಬಹುದಂತೆ, ನಾಳೆ ಇಬ್ಬರೂ ಹೋಗಿ ಮದ್ದು ತಗೊಳ್ಳೋಣ’ ಎಂದರೆ ಆ ದಿನಕ್ಕೆ ಸಾಕು. ಜಗಳ ಆಗಬಹುದು. ಹೇಳಿದರೆ ಹೊಡೆತ ಬೀಳುವ ಭಯವಿರುವ ಹೆಂಗಸಿನ ವಿಷಯ ಬೇರೆ. ಅವಳು ಮೊದಲು ಕ್ಲಿನಿಕ್‌ನ ಆಪ್ತಸಮಾಲೋಚಕರಿಗೆ ಹೇಳಲಿ, ಗಂಡನನ್ನು ಕರೆಸುವ ದಾರಿಯನ್ನು ಅವರು ಹುಡುಕಲಿ. ಉಳಿದವರು ತೂಗಿ ನೋಡಬೇಕಾದದ್ದು ಇಷ್ಟೇ: ಒಂದು ಸಂಜೆಯ ಜಗಳ ಒಂದು ಕಡೆ, ಏನೂ ಗೊತ್ತಿಲ್ಲದ ಹೆಂಡತಿಯ ಗರ್ಭನಾಳ ಇನ್ನೊಂದು ಕಡೆ.