ಸ್ಕ್ಯಾನ್ ನೋಡಿ 'ಒರಿಜಿನಲ್' ಅನ್ನಬೇಡಿ

ನಮ್ಮ ಸೋದರಮಾವ ಹಳ್ಳಿಯ ಪೋಸ್ಟಾಫೀಸಿನಲ್ಲಿ ಮೂವತ್ತು ವರ್ಷ ಟಪಾಲು ಹಂಚಿದವರು. ರಿಟೈರ್ ಆದಮೇಲೆ ಅವರಿಗಿದ್ದದ್ದು ಒಂದೇ ಆಸೆ: 1948ರ ಗಾಂಧಿ ಹತ್ತು ರೂಪಾಯಿ ಸ್ಟಾಂಪು. ಹೋದ ವರ್ಷ ಯಾರೋ ಒಬ್ಬ ವ್ಯಾಪಾರಿಗೆ 22 ಸಾವಿರ ಕೊಟ್ಟು ಅದನ್ನು ಕೊಂಡೇಬಿಟ್ಟರು. ಇಷ್ಟ ಆಗದಿದ್ದರೆ ಏಳು ದಿನದೊಳಗೆ ವಾಪಸ್ ಅನ್ನೋದು ಮಾತು. ಮಾವ ಮೊಬೈಲಲ್ಲಿ ಫೋಟೋ ಹೊಡೆದು, ಸ್ಟಾಂಪಿನ ವಿಷಯ ಬಲ್ಲವರು ಅನ್ನಿಸಿಕೊಂಡ ಮೂವರಿಗೆ ಕಳಿಸಿದರು. ಮೂವರದ್ದೂ ಒಂದೇ ಉತ್ತರ: "ಒರಿಜಿನಲ್ ಸಾರ್, ಕಣ್ಣು ಮುಚ್ಕೊಂಡು ಇಟ್ಕೊಳಿ."

ಮಾವ ನಿಜವಾಗ್ಲೂ ಕಣ್ಣು ಮುಚ್ಚಿಕೊಂಡೇ ಇಟ್ಟುಕೊಂಡರು. ದೀಪಾವಳಿಗೆ ಊರಿಗೆ ಹೋದಾಗ ನನಗೆ ತೋರಿಸಿದರು. ಅಷ್ಟರಲ್ಲಿ ಏಳು ದಿನ ಹೋಗಿ ನಲವತ್ತು ದಿನ ಆಗಿತ್ತು.

ಆ ಮೂವರಿಗೆ ಗೊತ್ತಿರಲಿಲ್ಲ ಅನ್ನೋದು ನನ್ನ ತಕರಾರಲ್ಲ. 'ಈ ಫೋಟೋದಿಂದ ಹೇಳೋಕಾಗಲ್ಲ' ಅಂತ ಒಂದು ಸಾಲು ಹೇಳಲಿಲ್ಲವಲ್ಲ, ಅದು ನನ್ನ ತಕರಾರು. ಒಂದು ಸ್ಟಾಂಪನ್ನು ಸ್ಕ್ಯಾನ್ ನೋಡಿ 'ನಕಲಿ' ಅನ್ನಬಹುದು. ಸ್ಕ್ಯಾನ್ ನೋಡಿ 'ಅಸಲಿ' ಅನ್ನೋಕೆ ಬರಲ್ಲ. ಟೆಸ್ಟ್ ಫೇಲ್ ಆದರೆ ಬಗ್ ಇದೆ ಅಂತ ಅರ್ಥ, ಪಾಸ್ ಆದರೆ ಬಗ್ ಇಲ್ಲ ಅಂತ ಅರ್ಥವಲ್ಲ ಅನ್ನೋದು ನಮ್ಮ ಕೆಲಸದಲ್ಲಿ ಮೊದಲ ವರ್ಷವೇ ಗೊತ್ತಾಗುತ್ತೆ. ಸ್ಟಾಂಪಿನವರಿಗೆ ಇದನ್ನು ಯಾರೂ ಹೇಳಿದಂತಿಲ್ಲ.

ಇನ್ನು ಆ ಸ್ಟಾಂಪಿನ ವಿಷಯಕ್ಕೆ ಬರೋಣ. ಸ್ವಾತಂತ್ರ್ಯದ ಮೊದಲ ವರ್ಷ ತುಂಬಿದ 15 ಆಗಸ್ಟ್ 1948ರಂದು ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ ಮತ್ತು ಹತ್ತು ರೂಪಾಯಿಯ ನಾಲ್ಕು ಗಾಂಧಿ ಸ್ಟಾಂಪುಗಳು ಬಂದವು. ಅಚ್ಚಾಗಿದ್ದು ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಮುದ್ರಣಾಲಯದಲ್ಲಿ, ಫೋಟೋಗ್ರಾವ್ಯೂರ್ ವಿಧಾನದಲ್ಲಿ. ವಾಟರ್‌ಮಾರ್ಕ್ ಇಲ್ಲ. ಅಂಚಿನ ತೂತುಗಳ ಅಳತೆ, ಅಂದರೆ ಪರ್ಫೊರೇಷನ್, ಹನ್ನೊಂದೂವರೆ. ಎರಡು ಸೆಂಟಿಮೀಟರ್ ಉದ್ದದಲ್ಲಿ ಹನ್ನೊಂದೂವರೆ ತೂತು ಬೀಳುತ್ತವೆ ಅಂತ ಅರ್ಥ. ನಾಲ್ಕರಲ್ಲೂ ಹತ್ತು ರೂಪಾಯಿಯದ್ದೇ ದುಬಾರಿ, ಹಾಗಾಗಿ ನಕಲು ಮಾಡುವವರ ಕಣ್ಣು ಅದರ ಮೇಲೆ. ಒಂದೂವರೆ ಆಣೆಯದ್ದು ಮಾತ್ರ ಅಗ್ಗ, ಸುಲಭವಾಗಿ ಸಿಗುತ್ತೆ. ನಮ್ಮ ಕೆಲಸಕ್ಕೆ ಬರೋದು ಇದೇ.

ಮೊಬೈಲ್ ಫೋಟೋದಲ್ಲಿ ತೂತು ಎಣಿಸೋದು ಕೆಲಸಕ್ಕೆ ಬಾರದ ಮಾತು. ಕ್ಯಾಮೆರಾ ಸ್ವಲ್ಪ ವಾಲಿದರೂ ಒಂದು ಅಂಚು ಹಿಗ್ಗುತ್ತೆ, ಇನ್ನೊಂದು ಕುಗ್ಗುತ್ತೆ. ಸ್ಕ್ಯಾನರ್ ಬೇಕು. ಹಾಗಂತ ಸ್ಕ್ಯಾನ್ ಫೈಲಿನಲ್ಲಿ 600 ಡಿಪಿಐ ಅಂತ ಬರೆದಿದ್ದನ್ನೂ ನಾನು ನಂಬಲ್ಲ. ಯಾರಿಗೋ ಕಳಿಸುವಾಗ ಚಿತ್ರ ಚಿಕ್ಕದಾಗಿರುತ್ತೆ, ಒಳಗಿನ ಸಂಖ್ಯೆ ಹಳೇದೇ ಉಳಿದಿರುತ್ತೆ. ಅದಕ್ಕೆ ನಾನು ಮಾವನ ಸ್ಟಾಂಪಿನ ಪಕ್ಕದಲ್ಲೇ ನನ್ನ ಹತ್ತಿರವಿದ್ದ ಒಂದೂವರೆ ಆಣೆಯ ಗಾಂಧಿಯನ್ನು ಇಟ್ಟು, ಎರಡನ್ನೂ ಒಂದೇ ಗಾಜಿನ ಮೇಲೆ, ಒಂದೇ ಸಲಕ್ಕೆ ಸ್ಕ್ಯಾನ್ ಮಾಡಿದೆ. ಆಮೇಲೆ ಎರಡರಲ್ಲೂ ಅಡ್ಡ ಅಂಚಿನಲ್ಲಿ ಒಂದು ತೂತಿನ ನಡುವಿನಿಂದ ಹಿಡಿದು ಹತ್ತು ಅಂತರ ದಾಟಿದ ತೂತಿನ ನಡುವಿನವರೆಗೆ ಎಷ್ಟು ಪಿಕ್ಸೆಲ್ ಅಂತ ಅಳೆದೆ. ಒಂದೂವರೆ ಆಣೆಯದ್ದು 411. ಮಾವನ ಸ್ಟಾಂಪು 394.

```
11.5 * 411 / 394 = 12.0
```

ಡಿಪಿಐ ಎಷ್ಟಿದ್ದರೂ ಈ ಲೆಕ್ಕ ಬದಲಾಗಲ್ಲ, ಯಾಕಂದ್ರೆ ಅಳತೆಗೋಲು ಚಿತ್ರದೊಳಗೇ ಕೂತಿದೆ. ಎರಡೂ ಸ್ಟಾಂಪನ್ನು ಒಂದೇ ದಿಕ್ಕಿನಲ್ಲಿ ಅಳೆಯಬೇಕು, ಅಷ್ಟೇ. ಕೆಲವು ಸ್ಕ್ಯಾನರ್‌ಗಳು ಉದ್ದಕ್ಕೊಂದು, ಅಡ್ಡಕ್ಕೊಂದು ಸ್ವಲ್ಪ ಎಳೆಯುತ್ತವೆ. "ಹಳೇ ಮಷಿನು ಸಾರ್, ಹೆಚ್ಚುಕಮ್ಮಿ ಇರುತ್ತೆ" ಅನ್ನೋದು ವ್ಯಾಪಾರಿಗಳ ಕಾಯಂ ಡೈಲಾಗು. ಕಾಗದ ಕುಗ್ಗಿ 11.6 ಬಂದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಹನ್ನೆರಡು ಬಂದರೆ ಅದು ಬೇರೆ ಮಷಿನು. ಖಾತ್ರಿಗೆ ಅಂತ ಮೂವತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಹಿಡಿದೆ. ಅಸಲಿಯನ್ನು ಅಚ್ಚು ಹಾಕಿದ್ದು ಕಂದು ನೇರಳೆ ಮತ್ತು ಕೆಂಪು, ಈ ಎರಡೇ ಶಾಯಿಯಲ್ಲಿ. ಇದರಲ್ಲಿ ನೀಲಿ, ಹಳದಿ ಚುಕ್ಕೆಗಳು ಕಲೆತು ಕೂತಿದ್ದವು, ಈಗಿನ ಮದುವೆ ಕಾಗದದಲ್ಲಿ ಇರೋ ಹಾಗೆ.

ಇನ್ನು ವಾಟರ್‌ಮಾರ್ಕ್. ಆ ಕಾಲದಲ್ಲಿ ನಾಸಿಕ್‌ನಲ್ಲಿ ಅಚ್ಚಾದ ನಮ್ಮ ಮಾಮೂಲಿ ಸ್ಟಾಂಪುಗಳ ಕಾಗದದಲ್ಲಿ ನಕ್ಷತ್ರಗಳ ವಾಟರ್‌ಮಾರ್ಕ್ ಇರುತ್ತಿತ್ತು. ಗಾಂಧಿ ಹತ್ತು ರೂಪಾಯಿಯನ್ನು ಮಗುಚಿ, ಹಿಂದೆ ಕಪ್ಪು ಕಾಗದ ಇಟ್ಟು ಸ್ಕ್ಯಾನ್ ಮಾಡಿದಾಗ ನಕ್ಷತ್ರ ಕಂಡರೆ ವಿಚಾರಣೆ ಅಲ್ಲಿಗೇ ಮುಗಿಯಿತು. ಕಾಣದಿದ್ದರೆ? ಏನೂ ಸಾಬೀತಾಗಲಿಲ್ಲ. ಅಂಗಡಿಯಲ್ಲಿ ಸಿಗೋ ಮಾಮೂಲಿ ಬಿಳಿ ಹಾಳೆಯಲ್ಲೂ ವಾಟರ್‌ಮಾರ್ಕ್ ಇರಲ್ಲ. ಜೊತೆಗೆ, ಇರೋ ವಾಟರ್‌ಮಾರ್ಕೂ ಎಷ್ಟೋ ಸಲ ಸ್ಕ್ಯಾನಿಗೆ ಬೀಳಲ್ಲ. 'ಹಿಂದೆ ಕ್ಲೀನ್ ಇದೆ, ಹಾಗಾಗಿ ಅಸಲಿ' ಅನ್ನೋದು ತರ್ಕವೇ ಅಲ್ಲ.

ಕಾಗದದ ಬಣ್ಣದ ವಿಷಯದಲ್ಲಂತೂ ಜನ ಸುಲಭವಾಗಿ ಮೋಸ ಹೋಗುತ್ತಾರೆ. "ನೋಡಿ, ಎಷ್ಟು ಹಳದಿ ತಿರುಗಿದೆ, ಹಳೇದೇ" ಅಂತಾರೆ. ಸ್ಕ್ಯಾನರ್ ತನಗೆ ತಾನೇ ಬಣ್ಣ ತಿದ್ದುತ್ತೆ. ಇಲ್ಲೂ ಪಕ್ಕದಲ್ಲಿ ಒಂದೂವರೆ ಆಣೆ ಇದ್ದರೆ ಮಾತ್ರ ಹೋಲಿಸೋಕಾಗುತ್ತೆ. ಮಾವನ ಸ್ಟಾಂಪು ಹಿಂದೆ ಮುಂದೆ ಒಂದೇ ಸಮನೆ ಚಹಾ ಬಣ್ಣಕ್ಕಿತ್ತು. ವಯಸ್ಸಿನಿಂದ ಬಂದ ಹಳದಿ ಅಷ್ಟು ಶಿಸ್ತಾಗಿರಲ್ಲ, ಗಾಳಿ ಸೋಕುವ ಅಂಚಿನಲ್ಲಿ ಹೆಚ್ಚು, ನಡುವೆ ಕಡಿಮೆ. ಆದರೂ ಬಣ್ಣವೊಂದನ್ನೇ ನೋಡಿ ನಾನು ನಕಲಿ ಅನ್ನುತ್ತಿರಲಿಲ್ಲ. ಆಲ್ಬಮ್ಮಿನ ಹಾಳೆಯಿಂದಲೂ ಅಸಲಿ ಸ್ಟಾಂಪಿಗೆ ಬಣ್ಣ ಇಳಿಯಬಹುದು. ಈಗಿನ ಕಾಗದಕ್ಕೆ ಹಾಕುವ ಹೊಳಪಿನ ರಾಸಾಯನಿಕ ಯುವಿ ಲ್ಯಾಂಪಿನಡಿ ನೀಲಿಯಾಗಿ ಮಿಂಚುತ್ತೆ. ಆದರೆ ಅದನ್ನು ನೋಡೋಕೆ ಸ್ಟಾಂಪೇ ಕೈಯಲ್ಲಿರಬೇಕು, ಸ್ಕ್ಯಾನ್ ಸಾಲದು.

"ಮೂರೂ ಸರಿ ಇದ್ದರೆ ಅಸಲಿ ಅನ್ನಬಹುದಲ್ಲ?" ಅಂತ ಕೇಳುವವರಿಗೆ ಜಾನ್ ದ ಸ್ಪೆರಾಟಿಯ ಕಥೆ ಹೇಳಬೇಕು. ಫ್ರಾನ್ಸಿನಲ್ಲಿ ನೆಲೆಸಿದ್ದ ಈತ ಅದೇ ಕಾಲದ, ಅದೇ ದೇಶದ ಅಗ್ಗದ ಅಸಲಿ ಸ್ಟಾಂಪು ತಗೊಂಡು, ಅದರ ಮೇಲಿನ ಚಿತ್ರವನ್ನಷ್ಟೇ ರಾಸಾಯನಿಕದಿಂದ ಅಳಿಸಿ, ಅದೇ ಕಾಗದದ ಮೇಲೆ ದುಬಾರಿ ಸ್ಟಾಂಪಿನ ಚಿತ್ರ ಅಚ್ಚು ಹಾಕುತ್ತಿದ್ದ. ತೂತು ಅಸಲಿ, ವಾಟರ್‌ಮಾರ್ಕ್ ಅಸಲಿ, ಕಾಗದದ ವಯಸ್ಸೂ ಅಸಲಿ. ಕೊನೆಗೆ 1954ರಲ್ಲಿ ಬ್ರಿಟಿಷ್ ಫಿಲಾಟೆಲಿಕ್ ಅಸೋಸಿಯೇಷನ್ ಅವನ ದಾಸ್ತಾನನ್ನು ದುಡ್ಡು ಕೊಟ್ಟು ಕೊಂಡು ಅವನ ಅಂಗಡಿ ಮುಚ್ಚಿಸಬೇಕಾಯಿತು. ಇಂಥವನ ಕೆಲಸ ಮೊಬೈಲ್ ಫೋಟೋದಲ್ಲಿ ನಿಮಗೆ ಗೊತ್ತಾಗುತ್ತಾ?

ಹಾಗಾಗಿ ಸ್ಟಾಂಪು ಮಾರುವವರಿಗೆ ನಾನು ಕೇಳೋದು ಇಷ್ಟೇ. ಪಕ್ಕದಲ್ಲಿ ಒಂದೂವರೆ ಆಣೆ ಇಟ್ಟು ಹಿಂದೆ ಮುಂದೆ ಎರಡೂ ಕಡೆ ಸ್ಕ್ಯಾನ್ ಮಾಡಿ ಕೊಡಿ. ಆಗಲ್ಲ ಅಂದರೆ ನಾನು ಕೊಳ್ಳಲ್ಲ. ಅಭಿಪ್ರಾಯ ಹೇಳುವವರಿಗೆ ಇನ್ನೂ ಕಡಿಮೆ: 'ಇದರಲ್ಲಿ ತಪ್ಪು ಕಾಣಲಿಲ್ಲ' ಅಂತ ಹೇಳಿ, ಅಲ್ಲಿಗೆ ನಿಲ್ಲಿಸಿ. 'ಒರಿಜಿನಲ್' ಅನ್ನೋ ನಿಮ್ಮ ಒಂದು ಪದದ ಮೇಲೆ ಒಬ್ಬರ ಏಳು ದಿನ ಕಳೆದುಹೋಗುತ್ತೆ.

ಮಾವನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಳಿಯಾ, ಅದರ ಹಿಂದೆ ಪೆನ್ಸಿಲ್‌ನಲ್ಲಿ ನಕಲಿ ಅಂತ ಬರ್ದು ಕಳ್ಸು. ನಾಳೆ ನಾನಿಲ್ದೆ ಹೋದ್ರೆ, ಹುಡುಗ್ರು ಗೊತ್ತಿಲ್ದೆ ಯಾರಿಗಾದ್ರೂ ಮಾರಿಬಿಟ್ಟಾರು" ಅಂದರು.

ಪೆನ್ಸಿಲ್ ಬೇಡ ಅಂತ ಪೆನ್ನಲ್ಲೇ ಬರೆದೆ.